ಛತ್ರದ ಅಡ್ವಾನ್ಸ್ 60 ಸಾವಿರ: ಅಪ್ಪನಿಗೆ ಹುಷಾರಿಲ್ಲದೆ ಕಾರ್ಯಕ್ರಮ ನಿಂತಿದೆ, ವಾಪಸ್ ಕೇಳೋ ಪತ್ರ ಹೇಗೆ ಬರೆಯೋದು?

ಮಲೆನಾಡ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 70 ತುಂಬುತ್ತೆ ಅಂತ ಭೀಮರಥ ಶಾಂತಿ ಇಟ್ಕೊಂಡಿದ್ವಿ. ಶಿವಮೊಗ್ಗದಲ್ಲಿ ಒಂದು ಸಮುದಾಯದ ಟ್ರಸ್ಟ್ ನಡೆಸೋ ಕಲ್ಯಾಣ ಮಂಟಪ, 2026ರ ಮೇ 10, ಭಾನುವಾರ. ಬಾಡಿಗೆ 1,20,000. ಡಿಸೆಂಬರ್‌ನಲ್ಲೇ 60,000 ಅಡ್ವಾನ್ಸ್ ಕೊಟ್ಟಿದ್ದೀವಿ.

ಮಾರ್ಚ್ 21ಕ್ಕೆ ಅಪ್ಪನಿಗೆ ಸ್ಟ್ರೋಕ್ ಆಯ್ತು. ಈಗ ಮನೆಗೆ ಬಂದಿದ್ದಾರೆ, ಎಡಗೈ ಎಡಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಹೋಮದ ಮುಂದೆ ಮೂರು ಗಂಟೆ ಕೂರೋ ಮಾತೇ ಇಲ್ಲ. 24ನೇ ತಾರೀಕು ಮ್ಯಾನೇಜರ್‌ಗೆ ಫೋನ್ ಮಾಡಿ ಕ್ಯಾನ್ಸಲ್ ಅಂತ ಹೇಳಿದೆ. "ಅಯ್ಯೋ ಪಾಪ ಮೇಡಂ, ಅಪ್ಪಾವ್ರನ್ನ ಚೆನ್ನಾಗಿ ನೋಡ್ಕೊಳ್ಳಿ" ಅಂದ್ರು. ದುಡ್ಡಿನ ಮಾತು ಬಂದ ತಕ್ಷಣ "ರಸೀದಿ ಹಿಂದೆ ಓದಿ" ಅಂದ್ರು. ಹಿಂದೆ ಸಣ್ಣಕ್ಷರದಲ್ಲಿ "ಯಾವುದೇ ಕಾರಣಕ್ಕೂ ಮುಂಗಡ ಹಣವನ್ನು ಹಿಂತಿರುಗಿಸಲಾಗುವುದಿಲ್ಲ" ಅಂತಿದೆ.

ಟ್ರಸ್ಟ್ ಕಾರ್ಯದರ್ಶಿಗೆ ಪತ್ರ ಕೊಡೋಣ ಅಂತ ಬರ್ದಿದ್ದೀನಿ. ಎರಡು ಪುಟ ಆಗಿದೆ. ಶುರು ಹೀಗಿದೆ:

"ಪೂಜ್ಯರೇ, ನಮ್ಮ ತಂದೆಯವರು ಜೀವನಪೂರ್ತಿ ಕಷ್ಟಪಟ್ಟವರು. ಅವರ ಎಪ್ಪತ್ತನೇ ವರ್ಷದ ಶಾಂತಿ ನೋಡಬೇಕೆಂಬುದು ನಮ್ಮ ತಾಯಿಯ ಬಹುದಿನದ ಆಸೆಯಾಗಿತ್ತು. ಆದರೆ ವಿಧಿಯಾಟ ಬೇರೆಯೇ ಆಗಿತ್ತು..."

ಆಮೇಲೆ ಆಸ್ಪತ್ರೆ ಖರ್ಚಿನ ಲೆಕ್ಕ ಎಲ್ಲ ಇದೆ. ಇದು ಸಾಕಾ? ಲಾಯರ್ ನೋಟಿಸ್ಸೇ ಕೊಡಬೇಕಾ?

ಗಡಿಬಿಡಿ ಗಿರಿ

ಹೆಲ್ತ್ ಇನ್ಶೂರೆನ್ಸ್ ಇದ್ರೆ ಕ್ಲೇಮ್ ಮಾಡಿ ಮೇಡಂ, 60 ಸಾವಿರ ಏನ್ ದೊಡ್ಡದಲ್ಲ, ಆಸ್ಪತ್ರೆಯವರೇ ಫಾರಂ ಕೊಡ್ತಾರೆ.

ಮಲೆನಾಡ ಮಗಳು

ಗಿರಿ ಅವ್ರೇ, ಆಸ್ಪತ್ರೆ ದುಡ್ಡಲ್ಲ, ಛತ್ರದ ದುಡ್ಡು 🙏

ಬೆಣ್ಣೆದೋಸೆ

ಪತ್ರಗಿತ್ರ ಬಿಡಿ. ಕಾಂಟ್ರ್ಯಾಕ್ಟ್ ಆಕ್ಟ್ ಸೆಕ್ಷನ್ 56 ಪ್ರಕಾರ ಯಾರ ಕೈಲೂ ಇಲ್ಲದ ಕಾರಣಕ್ಕೆ ಕೆಲಸ ಅಸಾಧ್ಯ ಆದ್ರೆ ಕರಾರು ತಾನಾಗೇ ರದ್ದು. ಸೆಕ್ಷನ್ 65 ಪ್ರಕಾರ ತಗೊಂಡ ದುಡ್ಡು ಪೂರ್ತಿ ವಾಪಸ್ ಕೊಡಲೇಬೇಕು. 2020ರ ಲಾಕ್‌ಡೌನ್‌ನಲ್ಲಿ ನನ್ನ ತಮ್ಮನ ಮದುವೆ ನಿಂತಾಗ ಇದನ್ನೇ ಬರ್ದು ಕಳಿಸಿದ್ವಿ, ವಾರದೊಳಗೆ ಅಷ್ಟೂ ಬಂತು. ಒಂದೇ ಪ್ಯಾರಾ ಸಾಕು.

ಹಳೇ ಫೈಲು

ಬೆಣ್ಣೆದೋಸೆಯವರೇ, ಕಲಂ ಎರಡೂ ಸರಿ, ಹಾಕೋ ಜಾಗ ತಪ್ಪು. 2020ರಲ್ಲಿ ಸರ್ಕಾರವೇ ಜನ ಸೇರೋದನ್ನ ನಿಲ್ಲಿಸಿತ್ತು. ಛತ್ರದವರು ಕೊಡ್ತೀನಿ ಅಂದ್ರೂ ಕೊಡೋಕೆ ಆಗ್ತಿರಲಿಲ್ಲ. ಹಾಗಾಗಿ ಕರಾರು ನಡೆಸೋದೇ ಅಸಾಧ್ಯ ಆಗಿತ್ತು. ಇಲ್ಲಿ ಮೇ 10ಕ್ಕೆ ಛತ್ರ ತೆರೆದಿರುತ್ತೆ, ಕರೆಂಟು ನೀರು ಇರುತ್ತೆ, ಕೊಡೋಕೆ ಅವರು ಸಿದ್ಧ. ಬಳಸೋಕಾಗದವರು ಇವರು. ಮನೆಯವರ ಕಾಯಿಲೆಯನ್ನ 56ರೊಳಗೆ ತುರುಕೋದು ಕಷ್ಟ. ಅವರ ವಕೀಲರು ಒಂದೇ ಸಾಲಲ್ಲಿ ತಳ್ಳಿಹಾಕ್ತಾರೆ, ಆಮೇಲೆ ಪತ್ರದಲ್ಲಿರೋ ಬೇರೆ ಒಳ್ಳೆ ಮಾತೂ ಬಿದ್ದುಹೋಗುತ್ತೆ.

ಈಗ ಮೇಡಂ ಅವರಿಗೆ. ತಂದೆಯವರು ಬೇಗ ಚೇತರಿಸ್ಕೊಳ್ಳಲಿ. ಪತ್ರ ಓದಿದ್ರೆ ಕಣ್ಣಲ್ಲಿ ನೀರು ಬರುತ್ತೆ, ಆದ್ರೆ ದುಡ್ಡು ಬರಲ್ಲ. ಕಾರ್ಯದರ್ಶಿ ಅದನ್ನ ಕಮಿಟಿ ಮುಂದೆ ಓದಿದ್ರೆ ಎಲ್ಲರೂ "ಛೇ" ಅಂತಾರೆ, ನಂತರ "ನಿಯಮ ನಿಯಮಾನೇ" ಅಂತಾರೆ. ಕಾಯಿಲೆ ನಿಮ್ಮ ಕಾರಣ. ವಾಪಸ್ ಕೊಡೋಕೆ ಅವರಿಗೆ ಬೇಕಾಗಿರೋ ಕಾರಣವೇ ಬೇರೆ: ನೀವು ಬಿಟ್ಟುಕೊಟ್ಟಿದ್ದರಿಂದ ಅವರಿಗೆ ನಷ್ಟ ಎಷ್ಟಾಯ್ತು?

ನೀವು ನೋಡಬೇಕಾದದ್ದು ಅದೇ 1872ರ ಕಾಯ್ದೆಯ 74ನೇ ಕಲಂ. ಕರಾರು ಮುರಿದರೆ ಇಷ್ಟು ದುಡ್ಡು ಹೋಗುತ್ತೆ ಅಂತ ಬರೆದಿದ್ರೆ ಆ ಮೊತ್ತವೇ ಮೇಲ್ಮಿತಿ. ಅದರೊಳಗೆ ನ್ಯಾಯವಾಗಿ ಎಷ್ಟು ಪರಿಹಾರವೋ ಅಷ್ಟೇ ಇಟ್ಕೋಬಹುದು. ನಷ್ಟವೇ ಆಗದಿದ್ರೆ ಪರಿಹಾರ ಅನ್ನೋ ಮಾತೇ ಏಳಲ್ಲ ಅಂತ 2015ರ ಕೈಲಾಶ್ ನಾಥ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮುಂಗಡ ಮುಟ್ಟುಗೋಲು ಹಾಕ್ಕೊಂಡು, ಅದೇ ನಿವೇಶನವನ್ನ ಬೇರೆಯವರಿಗೆ ಹೆಚ್ಚಿನ ಬೆಲೆಗೆ ಮಾರಿತ್ತು. ನಿಮ್ಮ ಛತ್ರ ಆ ದಿನಕ್ಕೆ ಬೇರೆಯವರಿಗೆ ಹೋಗಿದ್ರೆ ಕಥೆ ಹೆಚ್ಚು ಕಡಿಮೆ ಅದೇ.

ಅವರ ಕಡೆಯ ವಾದವೂ ಇದೆ, ಮುಚ್ಚಿಡಲ್ಲ. "ಇದು ಖರೀದಿಗೆ ಕೊಟ್ಟ ಸಂಚಕಾರದ ಹಾಗೆ, ಮಿತಿಯಲ್ಲಿದ್ರೆ ಮುಟ್ಟುಗೋಲು ಹಾಕಬಹುದು" ಅಂತಾರೆ. ಅದಕ್ಕೂ ತೀರ್ಪುಗಳಿವೆ. ಆದ್ರೆ ಬಾಡಿಗೆಯ ಅರ್ಧ ಅಂದ್ರೆ ಮಿತಿಯೊಳಗೆ ಅನ್ನೋದು ಅವರಿಗೂ ಸುಲಭ ಅಲ್ಲ.

ಸೀಮಾ ಹುಬ್ಬಳ್ಳಿ

ನಮ್ದೂ ಹಿಂಗ ಆಗಿತ್ರಿ ಅಕ್ಕಾ. ನಮ್ಮ ಮಾಮಾರು ತೀರಿಕೊಂಡಾಗ ಮಗನ ಜವಳ ನಿಲ್ಲಿಸಿದ್ವಿ. ಹಾಲ್‌ನವರು "ದುಡ್ಡು ಕೊಡಂಗಿಲ್ಲ, ಬ್ಯಾರೆ ತಾರೀಖು ತಗೊರಿ" ಅಂದ್ರು. ಹೂಂ ಅಂದ್ವಿ. ಮುಂದ ನಾವು ಕೇಳಿದ ದಿನ ಎಲ್ಲಾ "ಬುಕ್ ಆಗೇತಿ", ಅವರು ಕೊಟ್ಟ ದಿನ ಎಲ್ಲಾ ಆಷಾಢ, ಪುಷ್ಯ! ವರ್ಷ ದಾಟಿದ ಮ್ಯಾಲೆ "ವ್ಯಾಲಿಡಿಟಿ ಮುಗೀತು" ಅಂದ್ರು. ಬಾಯಿಮಾತಿಗೆ ಹೂಂ ಅನ್ನಬ್ಯಾಡ್ರಿ.

ಛತ್ರದ ಕೀಲಿ

ನಾನು ಎದುರು ಪಾರ್ಟಿ 😄 ನಮ್ಮ ಮನೆಯವರದ್ದೇ ಒಂದು ಮಂಟಪ ಇದೆ, ಬೇರೆ ಜಿಲ್ಲೆ. ಬೈಯೋ ಮುಂಚೆ ನಮ್ಮ ಕಡೆಯ ಎರಡು ಮಾತು ಕೇಳಿ.

ಫೋನಲ್ಲಿ ಕ್ಯಾನ್ಸಲ್ ಅಂದ್ರೆ ನಾವು ರಿಜಿಸ್ಟರ್‌ನಲ್ಲಿ ಹೆಸರು ಹೊಡೆಯಲ್ಲ. ಯಾಕೆ ಅಂದ್ರೆ ಒಂದು ಸಲ ತಂಗಿ ಫೋನ್ ಮಾಡಿ ಬೇಡ ಅಂದ್ರು, ನಾವು ಬೇರೆಯವರಿಗೆ ಕೊಟ್ವಿ, ಅಣ್ಣ ಅಡುಗೆ ಭಟ್ಟರ ಸಮೇತ ಗೇಟಿಗೆ ಬಂದು ನಿಂತ. ಆವತ್ತಿಂದ ರಸೀದಿ ಯಾರ ಹೆಸರಲ್ಲಿದೆಯೋ ಅವರ ಸಹಿ ಇರೋ ಚೀಟಿ ಬರೋವರೆಗೆ ದಿನ ಬಿಡುಗಡೆ ಇಲ್ಲ. ಮೇಡಂ, ನೀವು 24ಕ್ಕೆ ಹೇಳಿದ್ದು ಅವರ ಪುಸ್ತಕದಲ್ಲಿ ಬಹುಶಃ ಇಲ್ಲವೇ ಇಲ್ಲ. ಪತ್ರ ತಡ ಆದಷ್ಟೂ "ಕೊನೇ ಗಳಿಗೆಯಲ್ಲಿ ಬಿಟ್ರು" ಅನ್ನೋಕೆ ಅವರಿಗೆ ಅನುಕೂಲ.

ಇನ್ನೊಂದು, ದಿನ ಖಾಲಿ ಹೋದ್ರೂ ಪೂರ್ತಿ ಬಾಡಿಗೆ ನಷ್ಟ ಅಂತ ನಮ್ಮವರು ಹೇಳೋದು ಸುಳ್ಳು. ನಮ್ಮಲ್ಲಿ ಬಾಡಿಗೆ ನಿಮ್ಮಷ್ಟೇ. ಅದರಲ್ಲಿ ಕ್ಲೀನಿಂಗ್, ಜನರೇಟರ್ ಡೀಸೆಲ್, ನೀರಿನ ಟ್ಯಾಂಕರ್, ಕೆಲಸದವರ ದಿನಗೂಲಿ ಅಂತ 25ರಿಂದ 30 ಸಾವಿರ ಕೈ ಬಿಡುತ್ತೆ. ಕಾರ್ಯಕ್ರಮ ಇಲ್ಲದಿದ್ರೆ ಅದು ಉಳೀತು.

ಮಲೆನಾಡ ಮಗಳು

ಅಯ್ಯೋ. ರಸೀದಿ ಅಣ್ಣನ ಹೆಸರಲ್ಲಿದೆ, ಅವನು ಪುಣೆಯಲ್ಲಿ. ನಾನಿರೋದು ಬೆಂಗಳೂರು. ಇನ್ನೊಂದು ಎಡವಟ್ಟು: ರಸೀದಿಯಲ್ಲಿ 50,000 ಮಾತ್ರ ಇದೆ. ಮೊದಲು ದಿನ ಹಿಡಿದಿಡೋಕೆ ಅಂತ 10,000 ಮ್ಯಾನೇಜರ್ ಹೇಳಿದ ನಂಬರ್‌ಗೆ ಫೋನ್‌ಪೇ ಮಾಡಿದ್ವಿ. ಅದಕ್ಕೆ ರಸೀದಿ ಕೊಡಲಿಲ್ಲ, "ಸೇರಿಸ್ಕೋತೀವಿ" ಅಂದಿದ್ರು.

ಜಗಲಿ ಲೆಕ್ಕಿಗ

ಆ 10 ಸಾವಿರ ಯಾರ ಹೆಸರಿಗೆ ಹೋಗಿದೆ ನೋಡಿ. ಟ್ರಸ್ಟ್ ಹೆಸರು ಬಂದಿದೆಯಾ, ಮ್ಯಾನೇಜರ್ ಹೆಸರಾ?

ಮಲೆನಾಡ ಮಗಳು

ಮ್ಯಾನೇಜರ್ ಹೆಸರು 😐

ಬೆಣ್ಣೆದೋಸೆ

ಹಾಗಾದ್ರೆ ಸಿಕ್ಕಿಬಿದ್ದ! ಜಿಎಸ್‌ಟಿ ಆಫೀಸಿಗೆ ದೂರು ಕೊಡ್ತೀವಿ ಅಂತ ಪತ್ರದಲ್ಲೇ ಹಾಕಿ, ಮಾರನೇ ದಿನ ದುಡ್ಡು ಬರುತ್ತೆ.

ಜಗಲಿ ಲೆಕ್ಕಿಗ

ದಯವಿಟ್ಟು ಬೇಡ. ಛತ್ರದ ಬಾಡಿಗೆಗೆ ಜಿಎಸ್‌ಟಿ 18% ಹೌದು, ನೋಂದಣಿ ಇರೋರು ಅಡ್ವಾನ್ಸ್ ತಗೊಂಡಾಗಲೇ ರಸೀದಿ ವೋಚರ್ ಕೊಡಬೇಕು, ಕ್ಯಾನ್ಸಲ್ ಆಗಿ ದುಡ್ಡು ವಾಪಸ್ ಕೊಟ್ಟಾಗ ರೀಫಂಡ್ ವೋಚರ್ ಕೊಡಬೇಕು, ಅದೆಲ್ಲ ನಿಜ. ಆದ್ರೆ ಮೊದಲು ರಸೀದಿ ಮೇಲೆ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಇದ್ರೆ ತೆರಿಗೆ ಬೇರೆ ತೋರಿಸಿದ್ದಾರಾ ನೋಡಿ, ತೋರಿಸಿದ್ರೆ ಅದನ್ನೂ ಸೇರಿಸಿ ಕೇಳಿ. ಇಲ್ಲದಿದ್ರೆ ಆ ವಿಷಯಕ್ಕೇ ಹೋಗಬೇಡಿ. "ದುಡ್ಡು ಕೊಡಿ, ಇಲ್ಲಾಂದ್ರೆ ತೆರಿಗೆಯವರಿಗೆ ಹೇಳ್ತೀವಿ" ಅಂತ ಬರೆದ ಕಾಗದ ನಾಳೆ ಗ್ರಾಹಕರ ಆಯೋಗದ ಮುಂದೆ ಬಂದ್ರೆ ಬೆದರಿಕೆ ಹಾಕಿದ್ದು ನೀವು ಅಂತಾಗುತ್ತೆ.

ಹಳೇ ಫೈಲು

ಲೆಕ್ಕಿಗರ ಮಾತಿಗೆ ನನ್ನದೂ ಒಪ್ಪಿಗೆ. ಮ್ಯಾನೇಜರ್‌ನ ಕಳ್ಳ ಅಂತಲೂ ಬರೀಬೇಡಿ. "ಇಂಥ ದಿನ, ಇಂಥ ವಹಿವಾಟು ಸಂಖ್ಯೆಯಲ್ಲಿ, ವ್ಯವಸ್ಥಾಪಕರು ಸೂಚಿಸಿದ ಸಂಖ್ಯೆಗೆ 10,000" ಅಂತ ತಣ್ಣಗೆ ಬರೆಯಿರಿ. ಕಾರ್ಯದರ್ಶಿಗೆ ಆ ದುಡ್ಡು ಲೆಕ್ಕಕ್ಕೆ ಬಂದಿಲ್ಲ ಅನ್ನೋದು ತಾನಾಗೇ ಕಾಣುತ್ತೆ. ಅದೇ ಕಾರಣಕ್ಕೆ ಪತ್ರ ಮ್ಯಾನೇಜರ್‌ಗಲ್ಲ, ಕಾರ್ಯದರ್ಶಿ ಹೆಸರಿಗೇ ಇರಲಿ.

ಸಹಿ ಅಣ್ಣನದ್ದೇ ಆಗಬೇಕು. ಅವರು ಪುಣೆಯಿಂದ ಸಹಿ ಮಾಡಿ ಕಳಿಸಲಿ, ಮುಂದಿನ ಮಾತುಕತೆ ತಂಗಿ ಮಾಡ್ತಾರೆ ಅಂತ ಅದರಲ್ಲೇ ಒಂದು ಸಾಲು ಸೇರಲಿ.

ಗಡಿಬಿಡಿ ಗಿರಿ

ಡಿಸ್ಚಾರ್ಜ್ ಸಮರಿ ಪೂರ್ತಿ ಲಗತ್ತಿಸಿ, ಎಂಆರ್‌ಐ ರಿಪೋರ್ಟೂ.

ಹಳೇ ಫೈಲು

ಬೇಡ ಗಿರಿಯವರೇ. ಅಪ್ಪನ ಕಾಯಿಲೆಯ ಒಳವಿವರ ಕಮಿಟಿಯ ಹತ್ತು ಜನರ ಕೈಗೆ ಯಾಕೆ? "ಇಂಥ ದಿನ ದಾಖಲಾಗಿದ್ರು, ಇಷ್ಟು ಕಾಲ ವಿಶ್ರಾಂತಿ ಬೇಕು" ಅನ್ನೋ ವೈದ್ಯರ ಒಂದು ಸರ್ಟಿಫಿಕೇಟ್ ಸಾಕು.

ಕುಂದಾಪ್ರ ಕಿಟ್ಟಿ

ಛತ್ರ ಮತ್ತೆ ಬುಕ್ ಆಗಿದ್ಯಾ ಅಂತ ತಿಳಿಯೋದು ಸುಲಭ. ಸ್ನೇಹಿತರ ಕೈಲಿ ಫೋನ್ ಮಾಡಿಸಿ "ಮೇ 10 ಖಾಲಿ ಇದೆಯಾ, ಬಾಡಿಗೆ ಎಷ್ಟು" ಅಂತ ಕೇಳಿಸಿ. ಆವತ್ತು ಆ ಕಡೆ ಹೋದ್ರೆ ಬಾಗಿಲಿನ ಹೂವಿನ ಕಮಾನು, ಹೆಸರಿನ ಬೋರ್ಡು ಕಂಡೇ ಕಾಣುತ್ತೆ, ಒಂದು ಫೋಟೋ ತೆಗೀರಿ.

ಛತ್ರದ ಕೀಲಿ

ಆ ದಿನ ಖಾಲಿ ಉಳಿಯೋದು ಡೌಟು. ಈ ವರ್ಷ ಅಧಿಕ ಜ್ಯೇಷ್ಠ ಮೇ 17ಕ್ಕೆ ಶುರುವಾಗಿ ಜೂನ್ 15ರವರೆಗೆ ಇದೆ. ಒಂದು ತಿಂಗಳು ಯಾರೂ ಶುಭಕಾರ್ಯ ಇಟ್ಕೊಳ್ಳಲ್ಲ. ಅಧಿಕ ಮಾಸಕ್ಕೆ ಮುಂಚಿನ ಕೊನೇ ಭಾನುವಾರ ಮೇ 10. ಬೇಸಿಗೆ ರಜೆ ಬೇರೆ. ನಮ್ಮಲ್ಲಿ ಆ ಎರಡು ವಾರಕ್ಕೆ ದಿನಾ ವಿಚಾರಣೆ ಬರ್ತಿದೆ.

ಕುಂದಾಪ್ರ ಕಿಟ್ಟಿ

ಭಾನುವಾರ ಸರಿ ಮಾರಾಯ್ರೆ, ಆವತ್ತು ಮುಹೂರ್ತ ಉಂಟಾ? ಲಗ್ನ ಇಲ್ದಿದ್ರೆ ಮದುವೆ ಯಾರು ಇಡ್ತಾರೆ?

ಛತ್ರದ ಕೀಲಿ

ಮದುವೆ ಬೇಕಾಗಿಲ್ಲ ಕಿಟ್ಟಣ್ಣ. ರಿಸೆಪ್ಷನ್, ನಾಮಕರಣ, ನಿಶ್ಚಿತಾರ್ಥ... ಭಾನುವಾರ ಸಿಕ್ರೆ ಲಗ್ನ ಹುಡುಕಿಕೊಡೋ ಪುರೋಹಿತರೂ ಸಿಗ್ತಾರೆ 😄

ಸೀಮಾ ಹುಬ್ಬಳ್ಳಿ

ಪುರೋಹಿತರ ಸುದ್ದಿ ತೆಗೀಬ್ಯಾಡ್ರಿ, ನಮ್ಮ ಭಟ್ರು ಅಡ್ವಾನ್ಸ್ ಇಸ್ಕೊಂಡು ಆವತ್ತ ಬ್ಯಾರೆ ಕಡೆ ಹೋಗಿದ್ರು!!

ಹಳೇ ಫೈಲು

ಅಧಿಕ ಮಾಸದ ವಿಷಯ ಪತ್ರಕ್ಕೆ ಸೇರಬೇಕು, ಒಳ್ಳೆ ಅಂಶ. ಕೀಲಿಯವರಿಗೆ ಧನ್ಯವಾದ.

ಮೇಡಂ, ಲೆಕ್ಕ ಮೊದಲೇ ಮನಸ್ಸಲ್ಲಿ ಇಟ್ಕೊಳ್ಳಿ. ಬಾಡಿಗೆ 1,20,000. ಅಷ್ಟಕ್ಕೇ ಬೇರೆಯವರು ಹಿಡಿದಿದ್ರೆ ಅವರಿಗೆ ನಷ್ಟ ಅಂದ್ರೆ ಕಚೇರಿ ಕೆಲಸ ಮಾತ್ರ, ಐದು ಸಾವಿರ ಬಿಟ್ಟು 55,000 ಕೇಳೋದು ನ್ಯಾಯ. ಗಡಿಬಿಡಿಯಲ್ಲಿ ಕಡಿಮೆಗೆ, ಅಂದ್ರೆ 1,00,000ಕ್ಕೆ ಕೊಟ್ಟಿದ್ರೆ 20,000 ಅವರಿಗೆ ನಷ್ಟ, 40,000 ನಿಮಗೆ. ಖಾಲಿಯೇ ಹೋದ್ರೆ ಲೆಕ್ಕ ಕಷ್ಟ. ಕೀಲಿಯವರು ಹೇಳಿದ 30 ಸಾವಿರ ಉಳಿತಾಯ ಕಳೆದ್ರೂ ಅವರ ನಷ್ಟ 90,000. ನೀವು ಕೊಟ್ಟಿರೋದಕ್ಕಿಂತ ಜಾಸ್ತಿ. ಆಗ ಕೇಳೋದು ಹಕ್ಕಿಂದ ಅಲ್ಲ, ಸೌಜನ್ಯದಿಂದ. ಒಂದೂವರೆ ತಿಂಗಳು ಮುಂಚೆ ಹೇಳಿದ್ವಿ, ದಿನ ತುಂಬಿಸೋಕೆ ನೀವು ಪ್ರಯತ್ನ ಮಾಡಿದ್ರಾ ಅನ್ನೋ ಪ್ರಶ್ನೆ ಮಾತ್ರ ಉಳಿಯುತ್ತೆ. ನಷ್ಟ ತಗ್ಗಿಸೋ ಹೊಣೆ ಅವರಿಗೂ ಇದೆ.

ನಿಮ್ಮ ಎರಡು ಪುಟ ಹೀಗೆ ಇಳಿಸಿದ್ದೀನಿ:

> ಇವರಿಗೆ,
> ಗೌರವ ಕಾರ್ಯದರ್ಶಿಗಳು, ____ ಟ್ರಸ್ಟ್ (____ ಕಲ್ಯಾಣ ಮಂಟಪ), ಶಿವಮೊಗ್ಗ
>
> ದಿನಾಂಕ: 8-4-2026
>
> ವಿಷಯ: ಮೇ 10, 2026ರ ಕಾಯ್ದಿರಿಸುವಿಕೆ ರದ್ದು ಮತ್ತು ಮುಂಗಡ ₹60,000 ಹಿಂತಿರುಗಿಸುವ ಬಗ್ಗೆ. ರಸೀದಿ ಸಂಖ್ಯೆ ____, ದಿನಾಂಕ ____.
>
> ಮಾನ್ಯರೇ,
>
> ನನ್ನ ತಂದೆಯವರ ಭೀಮರಥ ಶಾಂತಿಗಾಗಿ ಮೇಲ್ಕಂಡ ದಿನಕ್ಕೆ ತಮ್ಮ ಮಂಟಪವನ್ನು ₹1,20,000 ಬಾಡಿಗೆಗೆ ಕಾಯ್ದಿರಿಸಿದ್ದೆ. ಮುಂಗಡವಾಗಿ ರಸೀದಿಯಂತೆ ₹50,000 ಮತ್ತು ತಮ್ಮ ವ್ಯವಸ್ಥಾಪಕರು ಸೂಚಿಸಿದ ಸಂಖ್ಯೆಗೆ ದಿನಾಂಕ ____ರಂದು ಯುಪಿಐ ಮೂಲಕ ₹10,000 (ವಹಿವಾಟು ಸಂಖ್ಯೆ ____) ಪಾವತಿಸಿದ್ದೇನೆ.
>
> ಮಾರ್ಚ್ 21ರಂದು ತಂದೆಯವರು ತೀವ್ರ ಅಸ್ವಸ್ಥರಾಗಿ ಆಸ್ಪತ್ರೆಗೆ ದಾಖಲಾದರು. ವೈದ್ಯರ ಸಲಹೆಯಂತೆ ಕಾರ್ಯಕ್ರಮವನ್ನು ರದ್ದು ಮಾಡಿದ್ದೇವೆ. ಇದನ್ನು ಮಾರ್ಚ್ 24ರಂದು ನನ್ನ ತಂಗಿ ತಮ್ಮ ವ್ಯವಸ್ಥಾಪಕರಿಗೆ ದೂರವಾಣಿಯಲ್ಲಿ ತಿಳಿಸಿದ್ದಾರೆ. ಈ ಪತ್ರದ ಮೂಲಕ ಅದನ್ನು ಲಿಖಿತವಾಗಿ ಖಚಿತಪಡಿಸುತ್ತಿದ್ದೇನೆ. ಆ ದಿನವನ್ನು ಬೇರೆಯವರಿಗೆ ನೀಡಲು ನಮ್ಮ ಆಕ್ಷೇಪಣೆ ಇಲ್ಲ. ಅಧಿಕ ಮಾಸಕ್ಕೆ ಮುಂಚಿನ ಕೊನೆಯ ಭಾನುವಾರವಾದ್ದರಿಂದ ಆ ದಿನಕ್ಕೆ ಬೇಡಿಕೆ ಇರುತ್ತದೆಂದು ನಂಬಿದ್ದೇನೆ.
>
> ಮುಂಗಡ ಹಿಂತಿರುಗಿಸುವುದಿಲ್ಲವೆಂಬ ರಸೀದಿಯ ಷರತ್ತನ್ನು ಓದಿದ್ದೇನೆ. ಆದರೆ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಂತೆ, ವಾಸ್ತವವಾಗಿ ಆದ ನಷ್ಟಕ್ಕೆ ತಕ್ಕ ನ್ಯಾಯಯುತ ಮೊತ್ತವನ್ನು ಮಾತ್ರ ಉಳಿಸಿಕೊಳ್ಳಲು ಅವಕಾಶವಿದೆ. ಆದ್ದರಿಂದ ಆ ದಿನ ಮರಳಿ ಕಾಯ್ದಿರಿಸಲ್ಪಟ್ಟಿದೆಯೇ, ಎಷ್ಟು ಬಾಡಿಗೆಗೆ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ. ಕಚೇರಿ ವೆಚ್ಚಕ್ಕಾಗಿ ₹5,000 ಕಡಿತಕ್ಕೆ ನನ್ನ ಒಪ್ಪಿಗೆ ಇದೆ. ಉಳಿದ ₹55,000ವನ್ನು ಏಪ್ರಿಲ್ 25ರೊಳಗೆ ಕೆಳಗಿನ ಖಾತೆಗೆ ಜಮಾ ಮಾಡಬೇಕು. ಅದಕ್ಕಿಂತ ಹೆಚ್ಚು ಕಡಿತ ಮಾಡುವುದಿದ್ದರೆ ಲೆಕ್ಕವನ್ನು ಲಿಖಿತವಾಗಿ ಕೊಡಬೇಕು.
>
> ಈ ವಿಷಯದಲ್ಲಿ ನನ್ನ ಪರವಾಗಿ ಮಾತನಾಡಲು ತಂಗಿ ____ ಅವರಿಗೆ ಅಧಿಕಾರ ನೀಡಿದ್ದೇನೆ.
>
> ತಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತು: ರಸೀದಿಯ ಎರಡೂ ಬದಿಯ ಪ್ರತಿ, ಯುಪಿಐ ವಹಿವಾಟಿನ ಪ್ರತಿ, ವೈದ್ಯರ ಪ್ರಮಾಣಪತ್ರ, ಬ್ಯಾಂಕ್ ಖಾತೆ ವಿವರ

ಮೂಲ ರಸೀದಿ ಮಾತ್ರ ಕೊಡಬೇಡಿ. "ಒರಿಜಿನಲ್ ತಂದ್ರೆ ನೋಡ್ತೀವಿ" ಅಂತ ತಗೊಂಡು ಒಳಗಿಟ್ರೆ ನಿಮ್ಮ ಹತ್ತಿರ ಏನೂ ಇರಲ್ಲ. ದುಡ್ಡು ಬಂದ ದಿನ ಕೊಡಿ.

ಬೆಣ್ಣೆದೋಸೆ

ಗ್ರಾಹಕರ ಕೋರ್ಟ್ ಅಂತ ಒಂದು ಸಾಲೂ ಇಲ್ವಲ್ಲ ಸಾರ್? ಮೆತ್ತಗಾಯ್ತು.

ಹಳೇ ಫೈಲು

ಬೇಕಂತಲೇ ಬಿಟ್ಟಿದ್ದು. ಟ್ರಸ್ಟ್‌ನ ಕಮಿಟಿಯಲ್ಲಿರೋರು ಊರಿನ ಹಿರಿಯರು. ಮೊದಲ ಕಾಗದದಲ್ಲೇ ಕೋರ್ಟ್ ಅಂದ್ರೆ ವಕೀಲರ ಕೈಗೆ ಹೋಗುತ್ತೆ, ಅಲ್ಲಿಂದ ಹೊರಗೆ ಬರಲ್ಲ. 25 ದಾಟಿದ ಮೇಲೆ ಎರಡನೇ ಪತ್ರದಲ್ಲಿ ಹೇಳಲಿ.

ಹೋಗಲೇಬೇಕಾಗಿ ಬಂದ್ರೆ ಎರಡು ವರ್ಷದ ಅವಧಿ ಇದೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ. ಛತ್ರ ಶಿವಮೊಗ್ಗದಲ್ಲಿದೆ ಅಂತ ಅಲ್ಲಿಗೇ ಓಡಾಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ಇರೋ ಊರಿನ ಜಿಲ್ಲಾ ಆಯೋಗಕ್ಕೂ ಹಾಕಬಹುದು, ಆನ್‌ಲೈನ್‌ನಲ್ಲೂ ಆಗುತ್ತೆ. ಒಂದು ಸೂಕ್ಷ್ಮ: "ಕರಾರಿನ ಷರತ್ತೇ ಅನ್ಯಾಯದ್ದು" ಅಂತ ದೂರು ಕಟ್ಟಿದ್ರೆ ಅದು ರಾಜ್ಯ ಆಯೋಗದ ವ್ಯಾಪ್ತಿ. ಜಿಲ್ಲೆಗೆ ಹಾಕೋರು ನಷ್ಟ ಆಗದಿದ್ರೂ ದುಡ್ಡು ಹಿಡಿದಿಟ್ಟಿದ್ದಾರೆ ಅನ್ನೋದನ್ನ ಮುಂದಿಡಬೇಕು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಖರ್ಚಿಲ್ಲ.

ಬೆಣ್ಣೆದೋಸೆ

ಬೆಂಗಳೂರಲ್ಲಿ ಹಾಕ್ಬಹುದು ಅಂತೀರಿ, ಸಹಿ ಅಣ್ಣಂದು, ಅಣ್ಣ ಪುಣೆ. ಆಗ?

ಹಳೇ ಫೈಲು

ಒಳ್ಳೆ ಪ್ರಶ್ನೆ. ಅಣ್ಣ ದೂರುದಾರರಾದ್ರೆ ಪುಣೆ ಅಥವಾ ಶಿವಮೊಗ್ಗ. 10 ಸಾವಿರ ಯಾರ ಖಾತೆಯಿಂದ ಹೋಗಿದೆ ಮೇಡಂ? ನಿಮ್ಮದಾದ್ರೆ ಇಬ್ಬರೂ ಸೇರಿ ಹಾಕೋ ದಾರಿ ಯೋಚಿಸಬಹುದು. ಅದನ್ನ ಕೇಸ್ ನೋಡಿದ ವಕೀಲರೇ ಹೇಳಬೇಕು, ಇಲ್ಲಿ ಕೂತು ನಾನು ಖಡಾಖಂಡಿತ ಹೇಳಲ್ಲ.

ಕುಂದಾಪ್ರ ಕಿಟ್ಟಿ

ರಿಜಿಸ್ಟರ್ಡ್ ಪೋಸ್ಟ್ ವಿತ್ ಎ.ಡಿ. ಹಾಕಿ, ಹಳದಿ ಕಾರ್ಡ್ ಬರ್ತದೆ.

ಜಗಲಿ ಲೆಕ್ಕಿಗ

ಕಿಟ್ಟಣ್ಣ, 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ರು. ಈಗ ಸ್ಪೀಡ್ ಪೋಸ್ಟ್ ಹಾಕಿ, ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೌಂಟರಲ್ಲೇ ಕೇಳಿ. ಜೊತೆಗೆ ಇಮೇಲ್, ವಾಟ್ಸಾಪ್‌ಗೂ ಅದೇ ಪತ್ರದ ಪಿಡಿಎಫ್.

ಮಲೆನಾಡ ಮಗಳು

ಅಪ್‌ಡೇಟ್. ಚಿಕ್ಕಪ್ಪ ಪತ್ರ ತಗೊಂಡು ಹೋದ್ರು, ಮ್ಯಾನೇಜರ್ ಸೀಲ್ ಹಾಕಿ ಕೊಡೋಕೆ ಒಪ್ಪಲಿಲ್ಲ. ಸ್ಪೀಡ್ ಪೋಸ್ಟ್ ಕಾರ್ಯದರ್ಶಿಯವರ ಹೆಸರಿಗೆ ತಲುಪಿದೆ. ನಿನ್ನೆ ಕಾರ್ಯದರ್ಶಿಯವರೇ ಅಣ್ಣನಿಗೆ ಫೋನ್ ಮಾಡಿದ್ರು, ಮಾತು ಮರ್ಯಾದೆಯಾಗೇ ಇತ್ತು. ಮೊದಲು ಕೇಳಿದ್ದೇ "ಆ ಹತ್ತು ಸಾವಿರದ ಸ್ಕ್ರೀನ್‌ಶಾಟ್ ಸರಿಯಾಗಿ ಕಾಣ್ತಿಲ್ಲ, ಇನ್ನೊಂದ್ಸಲ ಕಳಿಸಿ" ಅಂತ!! ಮೇ 10 ಬುಕ್ ಆಗಿದೆಯಾ ಅಂದ್ರೆ "ನೋಡಿ ಹೇಳ್ತೀನಿ" ಅಂದ್ರಂತೆ. ಕೊನೆಗೆ, ಒಂದು ವರ್ಷದೊಳಗೆ ಬೇರೆ ದಿನ ತಗೋಬಹುದು, ಇಲ್ಲಾ 30,000 ವಾಪಸ್, ಎರಡರಲ್ಲಿ ಒಂದು ಹೇಳಿ ಅಂದಿದ್ದಾರೆ. ಅಣ್ಣ 30 ತಗೊಂಡು ಮುಗಿಸೋಣ ಅಂತಾನೆ. ಕಿಟ್ಟಿಯವರು ಹೇಳಿದ ಹಾಗೆ ಸ್ನೇಹಿತೆ ಕೈಲಿ ಫೋನ್ ಮಾಡಿಸಿದೆ, "ಆವತ್ತು ಇಲ್ಲ ಮೇಡಂ, ಫುಲ್" ಅಂತ ಉತ್ತರ ಬಂತು.

ಸೀಮಾ ಹುಬ್ಬಳ್ಳಿ

ಬ್ಯಾರೆ ದಿನ ಮಾತ್ರ ಬ್ಯಾಡ ಅಕ್ಕಾ!!

ಬೆಣ್ಣೆದೋಸೆ

ಫುಲ್ ಅಂದ್ಮೇಲೆ 30 ಯಾಕೆ, 55ಕ್ಕೆ ಅಂಟ್ಕೊಂಡು ಕೂತ್ಕೊಳ್ಳಿ.

ಛತ್ರದ ಕೀಲಿ

ಫುಲ್ ಅಂದಿದ್ದು ನಿಮ್ಮದೇ ಹಳೇ ಬುಕಿಂಗ್ ಇನ್ನೂ ಹೊಡೆದಿಲ್ಲ ಅಂತಲೂ ಇರಬಹುದು, ಆ ಸಾಧ್ಯತೆ ಬಿಡಬೇಡಿ. ಸ್ನೇಹಿತೆ ಕೈಲಿ ಇನ್ನೊಂದು ಸಲ ಕೇಳಿಸಿ, "ಕ್ಯಾನ್ಸಲ್ ಆದ್ರೆ ತಿಳಿಸ್ತೀರಾ" ಅಂತ. ಅಲ್ಲಿ ಬರೋ ಉತ್ತರದಲ್ಲಿ ಗೊತ್ತಾಗುತ್ತೆ.

ಹಳೇ ಫೈಲು

30ಕ್ಕೆ ಹೂಂ ಅನ್ನೋದು ತಪ್ಪೇನಲ್ಲ, ಅಪ್ಪನ ಆರೈಕೆ ನಡುವೆ ಇದಕ್ಕೆ ಎಷ್ಟು ಶಕ್ತಿ ಇದೆ ಅಂತ ನೀವೇ ನೋಡ್ಕೋಬೇಕು. ಆದ್ರೆ ಫೋನಲ್ಲಿ ಬೇಡ. "ತಾವು ದೂರವಾಣಿಯಲ್ಲಿ ಹೇಳಿದ ಎರಡು ಆಯ್ಕೆಗಳು ಇವು, ಮೇ 10ರ ಸ್ಥಿತಿ ತಿಳಿದ ಮೇಲೆ ಉತ್ತರಿಸುತ್ತೇನೆ" ಅಂತ ಅಣ್ಣ ಇವತ್ತೇ ಒಂದು ಇಮೇಲ್ ಹಾಕಲಿ. 30,000 ತಗೊಳ್ಳೋದೇ ಆದ್ರೆ "ಪೂರ್ಣ ಮತ್ತು ಅಂತಿಮ" ಅಂತ ಸಹಿ ಕೇಳ್ತಾರೆ. ಅದಕ್ಕೆ ಸಹಿ ಹಾಕಿದ ಮೇಲೆ ಮೇ 10ಕ್ಕೆ ಅಲ್ಲಿ ವಾದ್ಯ ಕೇಳಿದ್ರೂ ಮತ್ತೆ ಕೇಳೋ ಹಾಗಿಲ್ಲ.

ಮಲೆನಾಡ ಮಗಳು

ಇಮೇಲ್ ಹಾಕಿಸಿದೆ. ಅಣ್ಣನ ಹತ್ರ ಇನ್ನೂ ಜಗಳ ನಡೀತಿದೆ. ಅಂದ ಹಾಗೆ ಅಡುಗೆಯವರಿಗೂ 15,000 ಕೊಟ್ಟಿದ್ವಿ, ಅವರು ಫೋನೇ ಎತ್ತುತ್ತಿಲ್ಲ...

ಗಡಿಬಿಡಿ ಗಿರಿ

ಅಡುಗೆಯವರಿಗೂ ಇನ್ಶೂರೆನ್ಸ್ ಇರುತ್ತಾ?